468 ಮತ್ತು 469ರ ನಡುವೆ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಒಟ್ಟು ಅಂಕ 625. ಅದರ ಶೇ. 75 ಎಂದರೆ 468.75. ಒಟ್ಟು ಅಂಕದಲ್ಲಿ ಮುಕ್ಕಾಲು ಎಂಬುದು ಬರುವುದಿಲ್ಲವಾದ್ದರಿಂದ 468 ಪಡೆದವರು ಗೆರೆಯ ಈಚೆ ಉಳಿಯುತ್ತಾರೆ, 469 ಪಡೆದವರು ಆಚೆ ದಾಟುತ್ತಾರೆ. ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಸಮಾಜ ಕಲ್ಯಾಣ ಇಲಾಖೆ ಕೊಡುತ್ತ ಬಂದಿರುವ ಪ್ರೋತ್ಸಾಹಧನದಲ್ಲಿ ಈ ಒಂದು ಅಂಕದ ಬೆಲೆ 8,000 ರೂಪಾಯಿ: ಶೇ. 60ರಿಂದ 74.99ರವರೆಗೆ 7,000, ಶೇ. 75 ಮುಟ್ಟಿದರೆ 15,000. ಕ್ಯಾಸಂಬಳ್ಳಿಯಂಥ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರು ಹುಟ್ಟಿದ ಊರಿದು. ಪಕ್ಕದ ಕೆಜಿಎಫ್‌ನ ಚಿನ್ನದ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿದ್ದ ಮೇಲೆ ಈ ಭಾಗದ ದುಡಿಯುವ ಜನ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವುದು ಮಾಮೂಲಾಯಿತು. ಹತ್ತನೇ ತರಗತಿ ಮುಗಿಸಿದ ಮಗು ಆ ರೈಲು ಹತ್ತುತ್ತದೋ, ರಾಬರ್ಟ್‌ಸನ್‌ಪೇಟೆಯ ಅಥವಾ ಬಂಗಾರಪೇಟೆಯ ಪಿಯು ಕಾಲೇಜಿಗೆ ಬಸ್ ಪಾಸ್ ಮಾಡಿಸುತ್ತದೋ ಎನ್ನುವುದು ಮನೆಯ ಕೈಯಲ್ಲಿರುವ ಕಾಸನ್ನು ನೋಡಿ ತೀರ್ಮಾನವಾಗುವುದುಂಟು. ಹಾಗಾದರೆ ಹೆಚ್ಚುವರಿ 8,000 ರೂಪಾಯಿ ಯಾರನ್ನಾದರೂ ಪಿಯುಸಿ ಮುಗಿಸುವಂತೆ ಮಾಡುತ್ತದೆಯೇ? ಒಂದು ಅಂಕಕ್ಕೆ ಇಷ್ಟು ದುಡ್ಡು ಕೈತಪ್ಪಿತಲ್ಲ ಎಂದು ಎಲ್ಲರೂ ಬೈಯುವ ಆ ಗೆರೆ ಇದೆಯೆಂಬ ಕಾರಣಕ್ಕೇ ಈ ಪ್ರಶ್ನೆಗೆ ನಂಬುವಂಥ ಉತ್ತರ ಸಿಗಬಹುದು ಎಂಬುದು ನನ್ನ ವಾದ. ಆದರೆ ಎಲ್ಲ ಗೆರೆಯೂ ಆ ಕೆಲಸಕ್ಕೆ ಬರುವುದಿಲ್ಲ.

ಮೊದಲು ಸುಲಭವಾಗಿ ಹೊಳೆಯುವ ದಾರಿಯನ್ನು ನೋಡೋಣ. 15,000 ಪಡೆದ ಮಕ್ಕಳಲ್ಲಿ ಎಷ್ಟು ಮಂದಿ ಪಿಯುಸಿ ಪಾಸಾದರು, 7,000 ಪಡೆದವರಲ್ಲಿ ಎಷ್ಟು ಮಂದಿ ಎಂದು ಎಣಿಸಿ ಹೋಲಿಸುವುದು. ಇಲಾಖೆಗಳ ವಾರ್ಷಿಕ ವರದಿಗಳಿಗೆ ಇಷ್ಟೇ ಸಾಕಾಗಿಬಿಡುತ್ತದೆ. ಆದರೆ 15,000 ಪಡೆದ ಗುಂಪಿನಲ್ಲಿ 600 ಅಂಕದವರೂ ಇದ್ದಾರೆ, 7,000 ಪಡೆದ ಗುಂಪಿನಲ್ಲಿ 380 ಅಂಕದವರೂ ಇದ್ದಾರೆ. ಚಿಕ್ಕಾಸೂ ಕೊಡದಿದ್ದರೂ ಮೊದಲ ಗುಂಪೇ ಮುಂದಿರುತ್ತಿತ್ತು. ತಂದೆ ತಾಯಿಯ ಓದು, ಮನೆಯ ಆದಾಯ, ಶಾಲೆಯ ಗುಣಮಟ್ಟ ಇವನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸಬಹುದಲ್ಲ ಎಂದರೆ, ಬರೆದಿಟ್ಟ ವಿಷಯವನ್ನು ಮಾತ್ರ ಸರಿದೂಗಿಸಬಹುದು. ಹಟ ಹಿಡಿದು ಓದುವ ಸ್ವಭಾವಕ್ಕಾಗಲಿ, ಮಗಳನ್ನು ಓದಿಸಲೇಬೇಕು ಎಂದು ಕೂತ ಅಜ್ಜಿಗಾಗಲಿ ಯಾವ ಅರ್ಜಿ ನಮೂನೆಯಲ್ಲೂ ಕಾಲಂ ಇಲ್ಲ.

ಅಮೆರಿಕದ ರಾಷ್ಟ್ರೀಯ ಮೆರಿಟ್ ವಿದ್ಯಾರ್ಥಿವೇತನವನ್ನು ಅಧ್ಯಯನ ಮಾಡುತ್ತಿದ್ದ ಡೊನಾಲ್ಡ್ ಥಿಸಲ್‌ತ್ವೇಟ್ ಮತ್ತು ಡೊನಾಲ್ಡ್ ಕ್ಯಾಂಬೆಲ್ ಎಂಬ ಇಬ್ಬರು ಮನೋವಿಜ್ಞಾನಿಗಳು ಎದುರಿಸಿದ್ದು ಇದೇ ತೊಡಕನ್ನು. ಅಲ್ಲೂ ಪರೀಕ್ಷೆಯ ಅಂಕಕ್ಕೊಂದು ಗೆರೆ ಇತ್ತು. ಅದನ್ನು ದಾಟಿದವರಿಗೆ ಅರ್ಹತಾ ಪ್ರಮಾಣಪತ್ರವೂ ಹೆಚ್ಚಿನ ಪ್ರಚಾರವೂ ಸಿಗುತ್ತಿತ್ತು; ಸ್ವಲ್ಪದರಲ್ಲಿ ತಪ್ಪಿಸಿಕೊಂಡವರಿಗೆ ಬರೀ ಮೆಚ್ಚುಗೆಯ ಪತ್ರ. ಗುಂಪಿಗೆ ಗುಂಪನ್ನು ಹೋಲಿಸುವುದನ್ನು ಬಿಟ್ಟು ಅವರು ಗೆರೆಯ ಎರಡು ಮಗ್ಗುಲನ್ನಷ್ಟೇ ನೋಡಿದರು. 1960ರಲ್ಲಿ ಪ್ರಕಟವಾದ ಆ ಲೇಖನದ ಫಲಿತಾಂಶವೂ ಸ್ವಾರಸ್ಯಕರ. ಪ್ರಮಾಣಪತ್ರ ಸಿಕ್ಕವರಿಗೆ ಬೇರೆ ಕಡೆಗಳಿಂದಲೂ ವಿದ್ಯಾರ್ಥಿವೇತನ ಸಿಗುವ ಸಾಧ್ಯತೆ ಗೆರೆಯಲ್ಲಿ ಜಿಗಿದಿತ್ತು. ಆದರೆ ಮುಂದೆ ಎಷ್ಟು ಓದಬೇಕು, ಏನಾಗಬೇಕು ಎಂಬ ಅವರ ಇರಾದೆಯಲ್ಲಿ ಅಂಥ ಜಿಗಿತ ಕಾಣಲಿಲ್ಲ. ವಿಧಾನಕ್ಕೆ ರಿಗ್ರೆಶನ್ ಡಿಸ್ಕಂಟಿನ್ಯೂಟಿ ಡಿಸೈನ್ ಎಂಬ ಬಾಯಿಗೆ ಭಾರವಾದ ಹೆಸರು ಬಂತು. ನಾವು ಗೆರೆ ವಿಧಾನ ಎಂದು ಕರೆದರೆ ನಷ್ಟವೇನಿಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಸುಮಾರು ನಾಲ್ಕು ದಶಕ ಕಣ್ಣೆತ್ತಿ ನೋಡಲಿಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಹಿಡಿದುಕೊಂಡವರು ಮತ್ತೆ ಬಿಡಲಿಲ್ಲ.

ವಿಧಾನದ ತಿರುಳನ್ನು ನಮ್ಮ 469ರಲ್ಲೇ ನೋಡಬಹುದು. ಇಲ್ಲಿಂದ ಮುಂದೆ ಪಿಯುಸಿ ಪಾಸಾಗುವ ಬಗ್ಗೆ ಹೇಳುವ ಶೇಕಡಾ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ಯಾರೋ ಅಳೆದವಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಅಂಕ ಹೆಚ್ಚಾದಂತೆ ಎರಡು ವರ್ಷದಲ್ಲಿ ಪಿಯುಸಿ ಪಾಸಾಗುವವರ ಪ್ರಮಾಣ ನೂರಕ್ಕೆ 0.3ರಷ್ಟು ಹೆಚ್ಚುತ್ತದೆ ಎಂದುಕೊಳ್ಳಿ. ದುಡ್ಡಿನಿಂದ ಏನೂ ಆಗುವುದಿಲ್ಲ ಎಂದೂ ಇಟ್ಟುಕೊಳ್ಳಿ. ಈಗ ಗೆರೆಯಿಂದ ಕೆಳಗೆ 20 ಅಂಕ, ಮೇಲೆ 20 ಅಂಕ ತೆಗೆದುಕೊಂಡು ಎರಡೂ ಕಡೆಯ ಸರಾಸರಿಯನ್ನು ಹೋಲಿಸಿದರೆ ಏನಾಗುತ್ತದೆ? ಕೆಳಗಿನ ಗುಂಪಿನ ಸರಾಸರಿ ಅಂಕ ಗೆರೆಗಿಂತ ಸುಮಾರು 10 ಕಡಿಮೆ, ಮೇಲಿನದು 10 ಹೆಚ್ಚು. ಇಪ್ಪತ್ತು ಅಂಕದ ಅಂತರಕ್ಕೆ ನೂರಕ್ಕೆ 6ರ ವ್ಯತ್ಯಾಸ ತಾನಾಗಿ ಬಂದುಬಿಡುತ್ತದೆ. ದುಡ್ಡು ಏನೂ ಮಾಡದಿದ್ದರೂ ಯೋಜನೆ ಗೆದ್ದಿತೆಂದು ವರದಿ ಬರೆಯಬಹುದು! ಆದ್ದರಿಂದ ಸರಾಸರಿ ಬೇಡ. ಕೆಳಗಿನ ಮಕ್ಕಳ ಮೇಲೆ ಒಂದು ಸರಳರೇಖೆ ಎಳೆದು ಅದನ್ನು 468.5ರವರೆಗೆ ಒಯ್ಯಬೇಕು, ಮೇಲಿನವರ ಮೇಲೆ ಇನ್ನೊಂದು ರೇಖೆ ಎಳೆದು ಅದನ್ನೂ ಅಲ್ಲಿಗೇ ತರಬೇಕು. ಅಂಕ ಏರಿದಂತೆ ಫಲಿತಾಂಶ ಏರುವುದು ಇಳಿಜಾರು; ಗೆರೆಯಲ್ಲಿ ಎರಡು ರೇಖೆಗಳು ಒಂದನ್ನೊಂದು ಮುಟ್ಟದೆ ನಿಂತರೆ ಅದು ಮೆಟ್ಟಿಲು. ಮೆಟ್ಟಿಲಿನ ಎತ್ತರವೇ ದುಡ್ಡಿನ ಪರಿಣಾಮ. ಕೆಳಗಿನ ರೇಖೆ ಗೆರೆಯನ್ನು 81ರಲ್ಲಿ ಮುಟ್ಟಿ ಮೇಲಿನದು 85ರಲ್ಲಿ ಮುಟ್ಟಿದರೆ ಪರಿಣಾಮ ನೂರಕ್ಕೆ 4. ಇಲ್ಲಿ ಜಾಣತನ ಹೆಚ್ಚಾದರೂ ಕಷ್ಟ. ರೇಖೆಯನ್ನು ಬಳುಕಿಸಿ ಮೂರನೆಯ, ನಾಲ್ಕನೆಯ ಘಾತದ ವಕ್ರರೇಖೆ ಹಾಕಿದರೆ ಗೆರೆಯಿಂದ ನೂರು ಅಂಕ ಆಚೆಗಿರುವ ವಿದ್ಯಾರ್ಥಿಯೂ ಮೆಟ್ಟಿಲಿನ ಎತ್ತರವನ್ನು ಎಳೆದಾಡುತ್ತಾನೆ. ಆಂಡ್ರ್ಯೂ ಗೆಲ್ಮನ್ ಮತ್ತು ಗೀಡೊ ಇಂಬೆನ್ಸ್ ಈ ಅಭ್ಯಾಸದ ವಿರುದ್ಧ ಬರೆದದ್ದು ಇದಕ್ಕೇ. ಹತ್ತಿರದವರನ್ನೇ ತೆಗೆದುಕೊಂಡು ನೇರ ಗೆರೆ ಎಳೆಯುವುದು ಕ್ಷೇಮ.

ಇಷ್ಟೆಲ್ಲ ನಿಂತಿರುವುದು ಒಂದೇ ಊಹೆಯ ಮೇಲೆ. ಪ್ರೋತ್ಸಾಹಧನ ಇಲ್ಲದೇ ಇದ್ದಿದ್ದರೆ ಗೆರೆಯಲ್ಲಿ ಮೆಟ್ಟಿಲು ಇರುತ್ತಿರಲಿಲ್ಲ, ಇಳಿಜಾರು ಅಷ್ಟೇ ಇರುತ್ತಿತ್ತು ಎಂಬುದು ಆ ಊಹೆ. 468ರವರೂ 469ರವರೂ ಸರಿಸಮಾನರು ಎಂದು ಯಾರೂ ಹೇಳುತ್ತಿಲ್ಲ. ಒಂದು ಅಂಕದ ಅಂತರಕ್ಕೆ ತಕ್ಕಷ್ಟೇ ಅಂತರ ಅವರಲ್ಲಿರಬೇಕು, ಅದಕ್ಕಿಂತ ಹೆಚ್ಚಲ್ಲ. ಹಾಗಾಗಿ ಗೆರೆಯನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಅಲ್ಲಿ ಇನ್ನೇನಾದರೂ ಬದಲಾಗುತ್ತದೆಯೇ ಎಂಬುದು. ಇದೇ ಯೋಜನೆಗೆ ಕೆಳಗೆ ಇನ್ನೊಂದು ಗೆರೆ ಇದೆ: ಶೇ. 60, ಅಂದರೆ ಸರಿಯಾಗಿ 375 ಅಂಕ. ಅಲ್ಲಿ ಸೊನ್ನೆಯಿಂದ 7,000ಕ್ಕೆ ಜಿಗಿತ. ಗೆರೆಯ ಅಕ್ಕಪಕ್ಕ ಮಕ್ಕಳೂ ಹೆಚ್ಚು. ನೋಡಿದ ಕೂಡಲೇ ಇದೇ ಒಳ್ಳೆಯ ಗೆರೆ ಅನ್ನಿಸುತ್ತದೆ. ಆದರೆ 374ಕ್ಕೆ ದ್ವಿತೀಯ ದರ್ಜೆ, 375ಕ್ಕೆ ಪ್ರಥಮ ದರ್ಜೆ. ಗ್ರೇಡ್ ಕೂಡ ಸಿ ಪ್ಲಸ್ ಇದ್ದದ್ದು ಬಿ ಆಗುತ್ತದೆ. ‘ನಮ್ಮ ಹುಡುಗಿ ಫಸ್ಟ್ ಕ್ಲಾಸು’ ಎನ್ನುವ ಮಾತಿಗೆ ಮನೆಯಲ್ಲಿ ಎಷ್ಟು ತೂಕವಿದೆ ಎಂದು ಕನ್ನಡದ ಓದುಗರಿಗೆ ವಿವರಿಸಬೇಕಿಲ್ಲ. ವಿಜ್ಞಾನ ತೆಗೆದುಕೊಳ್ಳಲಿ ಎಂದು ಅಪ್ಪ ಒಪ್ಪುವುದು ಆ ಮಾತಿಗೇ ಇರಬಹುದು. 375ರಲ್ಲಿ ಮೆಟ್ಟಿಲು ಕಂಡರೆ ಅದು ದುಡ್ಡಿನದೋ ಬಿರುದಿನದೋ ಹೇಳಲಾಗದು. 469ರಲ್ಲಿ ಈ ಗೊಂದಲವಿಲ್ಲ. ಡಿಸ್ಟಿಂಕ್ಷನ್ ಶುರುವಾಗುವುದು ಶೇ. 85ರಿಂದ. 438ರಿಂದ 499ರವರೆಗೆ ಎಲ್ಲರಿಗೂ ಒಂದೇ ಗ್ರೇಡ್, ಬಿ ಪ್ಲಸ್. ಅಂಕಪಟ್ಟಿಯ ಮಟ್ಟಿಗೆ 468 ಮತ್ತು 469ರ ನಡುವೆ ಏನೂ ನಡೆಯುವುದಿಲ್ಲ. ದುಡ್ಡಿನಲ್ಲಿ ಮಾತ್ರ ನಡೆಯುತ್ತದೆ. ನಾನು 375 ಬಿಟ್ಟು 469 ಹಿಡಿದದ್ದಕ್ಕೆ ಕಾರಣ ಇದು.

ಶೇ. 75ಕ್ಕೂ ಬೇರೆ ಅಂಟುಗಳು ಇರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಯಾವುದೋ ಟ್ರಸ್ಟಿನ ಪ್ರತಿಭಾ ಪುರಸ್ಕಾರವೋ ಯಾವುದೋ ಖಾಸಗಿ ಕಾಲೇಜಿನ ಶುಲ್ಕ ರಿಯಾಯಿತಿಯೋ ಶೇ. 75ನ್ನೇ ಹಿಡಿದಿರಬಹುದು, ಅದು ಗುಂಡನೆಯ ಸಂಖ್ಯೆ ತಾನೇ. ಇದನ್ನು ವಾದದಿಂದ ಬಗೆಹರಿಸಬೇಕಿಲ್ಲ, ಪರೀಕ್ಷಿಸಬಹುದು. ಈ ಪ್ರೋತ್ಸಾಹಧನ ಅನ್ವಯಿಸದ ಸಮುದಾಯಗಳ ಮಕ್ಕಳೂ ಅದೇ ಪರೀಕ್ಷೆ ಬರೆದಿರುತ್ತಾರೆ, ಅದೇ 468, 469 ಪಡೆದಿರುತ್ತಾರೆ. ಅವರಲ್ಲೂ ಗೆರೆಯಲ್ಲಿ ಮೆಟ್ಟಿಲು ಕಂಡರೆ ಬೇರೇನೋ ನಡೆದಿದೆ ಎಂದರ್ಥ. ಕಾಣದಿದ್ದರೆ ಅನುಮಾನ ಬಹುಮಟ್ಟಿಗೆ ತೀರುತ್ತದೆ. ಇದೇ ಉಪಾಯದಿಂದ 375ರ ಗೆರೆಯನ್ನೂ ಅರ್ಧ ರಿಪೇರಿ ಮಾಡಬಹುದು. ಬಿರುದು ಎಲ್ಲರಿಗೂ ಬದಲಾಗುತ್ತದೆ, ದುಡ್ಡು ಕೆಲವರಿಗಷ್ಟೇ. ಒಬ್ಬರ ಮೆಟ್ಟಿಲಿನಿಂದ ಇನ್ನೊಬ್ಬರ ಮೆಟ್ಟಿಲನ್ನು ಕಳೆದರೆ ಉಳಿಯುವುದು ದುಡ್ಡಿನ ಪಾಲು. ಅರ್ಧ ಎಂದು ಯಾಕೆ ಹೇಳಿದೆನೆಂದರೆ, ಫಸ್ಟ್ ಕ್ಲಾಸ್ ಎಂಬ ಬಿರುದು ಎಲ್ಲ ಮನೆಗಳಲ್ಲೂ ಒಂದೇ ಕೆಲಸ ಮಾಡುತ್ತದೆ ಎಂದು ನಂಬಬೇಕಾಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಹತ್ತನೇ ತರಗತಿ ದಾಟಿದ ಮಗುವಿಗೂ ಮೇಷ್ಟರ ಮಗನಿಗೂ ಅದು ಒಂದೇ ಅಲ್ಲ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ. ಯಾರಾದರೂ ಬೇಕೆಂದೇ ಗೆರೆ ದಾಟಿಕೊಳ್ಳಬಹುದೇ, ಅಥವಾ ದಾಟಿಸಬಹುದೇ? ಹಾಗೆ ಆಗುವುದಾದರೆ ಗೆರೆಯ ಮೇಲೆ ನಿಂತವರು ಅದೃಷ್ಟದಿಂದ ಬಂದವರಲ್ಲ, ಪ್ರಭಾವದಿಂದಲೋ ಹಟದಿಂದಲೋ ಬಂದವರು. ಆಗ ಹೋಲಿಕೆ ಬಿದ್ದುಹೋಗುತ್ತದೆ. ಜಸ್ಟಿನ್ ಮ್ಯಾಕ್ರೇರಿ 2008ರಲ್ಲಿ ಇದಕ್ಕೊಂದು ಪರೀಕ್ಷೆಯನ್ನು ಸೂಚಿಸಿದ. ಫಲಿತಾಂಶವನ್ನು ನೋಡುವ ಮೊದಲು ತಲೆ ಎಣಿಸಿ: ಒಂದೊಂದು ಅಂಕಕ್ಕೂ ಎಷ್ಟು ಮಕ್ಕಳಿದ್ದಾರೆ? 465, 466, 467, 468ರಲ್ಲಿ ಜನ ದಿಢೀರನೆ ತೆಳುವಾಗಿ 469ರಲ್ಲಿ ಗುಂಪು ಕಟ್ಟಿದ್ದರೆ ಯಾರೋ ತಳ್ಳಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ತಳ್ಳುವ ಕೈ ಎಲ್ಲಿತ್ತು ಎಂಬುದು ಗುಟ್ಟೇನಲ್ಲ. ಅದು ಪಾಸಿನ ಗೆರೆಯಲ್ಲಿತ್ತು, ಗ್ರೇಸ್ ಮಾರ್ಕ್ಸ್ ಹೆಸರಿನಲ್ಲಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು ನಕಲಿಗೆ ತಡೆ ಬಿದ್ದಾಗ ಗ್ರೇಸ್ ಮಾರ್ಕ್ಸನ್ನು ಶೇ. 10ರಿಂದ 20ಕ್ಕೆ ಏರಿಸಬೇಕಾಯಿತು. ಅಷ್ಟಾದರೂ ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಆ ವರ್ಷದ ಪಟ್ಟಿ ಹಿಡಿದು, ಒಂದು ವಿಷಯದಲ್ಲಿ ಆಗ ಪಾಸಿನ ಗೆರೆಯಾಗಿದ್ದ 35ರ ಆಸುಪಾಸು ಹೋಲಿಕೆ ಮಾಡಿ ‘ಪಾಸಾಗುವುದರ ಪರಿಣಾಮ’ ಅಳೆಯಲು ಹೊರಟವನಿಗೆ ಅಲ್ಲಿ ಮೆಟ್ಟಿಲು ಸಿಗುವುದಕ್ಕಿಂತ ಮೊದಲು ಮಂಡಳಿಯೇ ಮಕ್ಕಳನ್ನು ಎತ್ತಿ ಆಚೆ ಇಟ್ಟಿರುವುದು ಸಿಗುತ್ತದೆ.

469ರಲ್ಲಿ ಅಂಥ ಕೈ ಕಾಣುವುದಿಲ್ಲ, ಕಾರಣ ಮೌಲ್ಯಮಾಪನ ನಡೆಯುವ ರೀತಿ. ಒಬ್ಬ ವಿದ್ಯಾರ್ಥಿಯ ಆರು ಉತ್ತರ ಪತ್ರಿಕೆಗಳನ್ನು ಆಯಾ ವಿಷಯದ ಬೇರೆ ಬೇರೆ ಮೌಲ್ಯಮಾಪಕರು ತಿದ್ದುತ್ತಾರೆ. ಸಮಾಜ ವಿಜ್ಞಾನದ ಪತ್ರಿಕೆ ತಿದ್ದುವವರಿಗೆ ಗಣಿತದಲ್ಲಿ ಎಷ್ಟು ಬಂತೆಂದು ಗೊತ್ತಿಲ್ಲ; ಒಟ್ಟು 468 ಆಗಲಿದೆ, ಒಂದು ಅಂಕ ಹಾಕೋಣ ಎಂದು ಕನಿಕರಪಡಲು ಅವರಿಗೆ ಅವಕಾಶವೇ ಇಲ್ಲ. ಶಾಲೆಯ ಕೈಯಲ್ಲಿರುವ ಆಂತರಿಕ ಅಂಕ, ಪ್ರಥಮ ಭಾಷೆಗೆ 25, ಉಳಿದವಕ್ಕೆ ತಲಾ 20, ಧಾರಾಳವಾಗಿಯೇ ಬೀಳುವುದುಂಟು. ಆದರೆ ಅದು ಲಿಖಿತ ಪರೀಕ್ಷೆಯ ಅಂಕ ತಿಳಿಯುವ ಮೊದಲೇ ಹೋಗಿರುತ್ತದೆ. ಧಾರಾಳತನ ಎಲ್ಲರನ್ನೂ ಮೇಲೆತ್ತಬಹುದು, ಒಬ್ಬರನ್ನು ಗುರಿಯಿಟ್ಟು ಗೆರೆ ದಾಟಿಸಲಾರದು. ವಿದ್ಯಾರ್ಥಿಯಾದರೂ ಅಷ್ಟೇ: ಮುಕ್ಕಾಲು ಪಾಲು ಅಂಕ ಬರಲಿ ಎಂದು ಓದಬಹುದು, 469 ಬರಲಿ ಎಂದು ಬರೆಯಲಾಗದು.

ಬಿರುಕು ಇರುವುದು ಫಲಿತಾಂಶ ಬಂದ ಮೇಲೆ. ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡು ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಹಾಕುವ ಅವಕಾಶವಿದೆ. 440 ಬಂದವರಿಗಿಂತ 467 ಬಂದವರಿಗೆ ಅದಕ್ಕೆ ಹೆಚ್ಚು ಕಾರಣವಿದೆ. ಶುಲ್ಕ ಕಟ್ಟುವ ಶಕ್ತಿ ಇರುವ, ಹೇಗೆ ಹಾಕಬೇಕೆಂದು ಹೇಳಿಕೊಡುವ ಶಿಕ್ಷಕರಿರುವ ಮಗು ಹಾಕುತ್ತದೆ, ಉಳಿದವರು ಸುಮ್ಮನಾಗುತ್ತಾರೆ. ಹೀಗೆ ತಿದ್ದಿಸಿಕೊಂಡು 469ಕ್ಕೆ ಬಂದವರು ಗೆರೆಯ ಮೇಲೆ ಸೇರಿಕೊಂಡರೆ ಮೇಲಿನ ಗುಂಪು ಮೊದಲೇ ಚುರುಕಾದವರ ಗುಂಪಾಗುತ್ತದೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿ, ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು ಎಂದ ಮೇಲಂತೂ ಅಂತಿಮ ಅಂಕಪಟ್ಟಿಯನ್ನು ಈ ಲೆಕ್ಕಕ್ಕೆ ಬಳಸುವಂತೆಯೇ ಇಲ್ಲ. ಪರಿಹಾರ ಕಷ್ಟದ್ದಲ್ಲ. ಮೊದಲ ಪರೀಕ್ಷೆಯಲ್ಲಿ, ಮೊದಲ ಸಲ ಪ್ರಕಟವಾದ ಅಂಕವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಆಗ ಮೊದಲು 467 ಬಂದು ಆಮೇಲೆ 470 ಮಾಡಿಸಿಕೊಂಡವಳು ಕೆಳಗಿನ ಗುಂಪಿನಲ್ಲೇ ಉಳಿಯುತ್ತಾಳೆ, 15,000 ಪಡೆದಿದ್ದರೂ ಸಹ. ಹಾಗೆಯೇ ಗೆರೆ ದಾಟಿದವರೆಲ್ಲರಿಗೂ ಹಣ ತಲುಪಿರುವುದಿಲ್ಲ: ಅರ್ಜಿ ಹಾಕದವರು, ಜಾತಿ ಪ್ರಮಾಣಪತ್ರದ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ತಾಳೆಯಾಗದವರು, ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆಯಾಗದವರು ಇರುತ್ತಾರೆ. ಅವರನ್ನು ಬಿಟ್ಟು ಲೆಕ್ಕ ಹಾಕುವುದು ತಪ್ಪು. ಯಾಕೆಂದರೆ ಬಿಟ್ಟುಹೋದವರು ಕೈಲಾಗದ ಮನೆಯವರೇ ಹೆಚ್ಚಾಗಿ ಇರಬಹುದು. ಬದಲಿಗೆ ಎರಡು ಮೆಟ್ಟಿಲು ಅಳೆಯಬೇಕು. 15,000 ಪಡೆದವರ ಪ್ರಮಾಣ ಗೆರೆಯಲ್ಲಿ ನೂರಕ್ಕೆ 80ರಷ್ಟು ಜಿಗಿದು, ಪಿಯುಸಿ ಪಾಸಾಗುವ ಪ್ರಮಾಣ 4ರಷ್ಟು ಜಿಗಿದಿದ್ದರೆ, ಗೆರೆ ದಾಟಿದ್ದರಿಂದಲೇ ಹಣ ಪಡೆದವರ ಮೇಲಿನ ಪರಿಣಾಮ 4ನ್ನು 0.8ರಿಂದ ಭಾಗಿಸಿದಷ್ಟು, ಅಂದರೆ 5.

ಇದನ್ನು ಕ್ಯಾಸಂಬಳ್ಳಿ ಹೋಬಳಿಯೊಂದರಲ್ಲೇ ಮಾಡಬಹುದೇ? ಆಗದು, ಮತ್ತು ಎಷ್ಟರಮಟ್ಟಿಗೆ ಆಗದು ಎಂದು ಲೆಕ್ಕ ಹಾಕಿಯೇ ತೋರಿಸಬಹುದು. ನೂರಕ್ಕೆ 80ರಷ್ಟು ಜನ ಪಾಸಾಗುವ ಕಡೆ, ಗೆರೆಯ ಎರಡೂ ಪಕ್ಕ ನಾನೂರು ನಾನೂರು ಮಕ್ಕಳಿದ್ದರೆ, ಬರೀ ಸರಾಸರಿಗಳ ವ್ಯತ್ಯಾಸದ ಪ್ರಮಾಣ ದೋಷ ಸುಮಾರು 2.8. ಆದರೆ ನಾವು ಸರಾಸರಿಯನ್ನಲ್ಲ, ರೇಖೆಯ ತುದಿಯನ್ನು ಅಳೆಯುತ್ತಿದ್ದೇವೆ. ತುದಿಯಲ್ಲಿ ರೇಖೆ ಹೆಚ್ಚು ಅಲುಗಾಡುತ್ತದೆ, ದೋಷ ಹೆಚ್ಚುಕಡಿಮೆ ಇಮ್ಮಡಿಯಾಗಿ 5.7 ಆಗುತ್ತದೆ. ನಾಲ್ಕರ ಮೆಟ್ಟಿಲನ್ನು 5.7ರ ಅಲುಗಾಟದಲ್ಲಿ ಗುರುತಿಸುವುದು ಹೇಗೆ? ಅದನ್ನು 2ಕ್ಕಿಂತ ಕೆಳಗಿಳಿಸಲು ಪ್ರತಿ ಪಕ್ಕ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು ಬೇಕು. ಒಂದು ಹೋಬಳಿ ಹಾಗಿರಲಿ, 2011ರ ಜನಗಣತಿಯ ಪ್ರಕಾರ ಪರಿಶಿಷ್ಟ ಜಾತಿಯವರು ಸುಮಾರು ಶೇ. 30 ಇರುವ ಕೋಲಾರ ಜಿಲ್ಲೆಯಲ್ಲೂ ಒಂದು ವರ್ಷದ ಪಟ್ಟಿಯಲ್ಲಿ ಗೆರೆಯ ಹತ್ತಿರ ಅಷ್ಟು ಮಂದಿ ಸಿಗುವುದಿಲ್ಲ. ರಾಜ್ಯದ ಪಟ್ಟಿ ಬೇಕು, ಸಾಲದಿದ್ದರೆ ಹಲವು ವರ್ಷಗಳದ್ದು. ಗೆರೆಯಿಂದ ಇನ್ನೂ ದೂರದವರನ್ನು ಸೇರಿಸಿಕೊಂಡು ಸಂಖ್ಯೆ ಹೆಚ್ಚಿಸಬಹುದು; ಆಗ ಇಳಿಜಾರು ನೇರವಾಗಿಯೇ ಇದೆ ಎಂಬ ನಂಬಿಕೆಯ ಮೇಲೆ ಭಾರ ಬೀಳುತ್ತದೆ. ಈ ತಕ್ಕಡಿ ಯಾವ ಗೆರೆಯಲ್ಲೂ ತಪ್ಪಿದ್ದಲ್ಲ. ಹತ್ತು ಅಂಕ, ಇಪ್ಪತ್ತು ಅಂಕ, ಮೂವತ್ತು ಅಂಕ ಹೀಗೆ ಬೇರೆ ಬೇರೆ ಅಗಲದಲ್ಲಿ ಲೆಕ್ಕ ಮಾಡಿ, ಉತ್ತರ ಅಗಲಕ್ಕೆ ತಕ್ಕಂತೆ ಕುಣಿಯುತ್ತಿದೆಯೋ ಎಂದು ತೋರಿಸುವುದು ಪ್ರಾಮಾಣಿಕ ಲೆಕ್ಕಿಗರ ಪದ್ಧತಿ.

ಅತಿ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಇಷ್ಟೆಲ್ಲ ಮಾಡಿ ನಮಗೆ ತಿಳಿಯುವುದು 469ರ ಅಕ್ಕಪಕ್ಕದ ಮಕ್ಕಳ ವಿಷಯ ಮಾತ್ರ. 8,000 ರೂಪಾಯಿ ನಿಜಕ್ಕೂ ಬೇಕಾಗಿರುವುದು 300 ಅಂಕ ಪಡೆದು, ಮುಂದೆ ಓದುವುದೋ ಬೇಡವೋ ಎಂದು ತೂಗುತ್ತಿರುವ ಮಗುವಿಗಲ್ಲವೇ? ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮುಕ್ಕಾಲು ಪಾಲು ಅಂಕ ತೆಗೆದವರಲ್ಲಿ ಹೆಚ್ಚಿನವರು ದುಡ್ಡಿಲ್ಲದೆಯೂ ಪಿಯುಸಿ ಮುಗಿಸಬಹುದು. ಅಲ್ಲಿ ಮೆಟ್ಟಿಲು ಕಾಣದಿದ್ದರೆ ‘ವಿದ್ಯಾರ್ಥಿಗಳಿಗೆ ಹಣ ಕೊಡುವುದು ವ್ಯರ್ಥ’ ಎಂದು ಬರೆಯುವುದು ಶುದ್ಧ ತಪ್ಪು. ಕೇಳಿದ ಪ್ರಶ್ನೆ 7,000 ಇದ್ದವರಿಗೆ ಇನ್ನೂ 8,000 ಸೇರಿದರೆ ಏನಾಗುತ್ತದೆ ಎಂಬುದಷ್ಟೇ. ಏನೂ ಕೊಡದಿರುವುದರೊಡನೆ ಹೋಲಿಸಿದ್ದಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 500 ಮತ್ತು 1,000 ಜನಸಂಖ್ಯೆಯ ಗೆರೆಗಳನ್ನು ಇಟ್ಟುಕೊಂಡದ್ದನ್ನು ಬಳಸಿ ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾದ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ. ರಸ್ತೆ ಬಂದ ಹಳ್ಳಿಗಳಲ್ಲಿ ಜನ ಹೊಲದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಸರಿದದ್ದು ಕಂಡಿತು, ಆದಾಯದಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಅದು ಅಷ್ಟು ಗಾತ್ರದ ಹಳ್ಳಿಗಳ ಮಾತು. ಐದು ಸಾವಿರ ಜನರಿರುವ ಊರಿಗೆ ರಸ್ತೆಯಿಂದ ಏನಾಗುತ್ತದೆ ಎಂಬುದಕ್ಕೆ ಉತ್ತರವಲ್ಲ. ಇಷ್ಟು ಒಪ್ಪಿದ ಮೇಲೂ ಒಂದು ಮಾತಿದೆ. ಯೋಜನೆಯ ಗೆರೆಯನ್ನು ಶೇ. 75ರಿಂದ 74ಕ್ಕೋ 73ಕ್ಕೋ ಇಳಿಸಬೇಕೇ ಎಂಬ ಪ್ರಶ್ನೆ ಕಡತದ ಮೇಲೆ ಬಂದರೆ, ಆಗ ಒಳಗೆ ಬರುವ ಮಕ್ಕಳು ನಾವು ಅಳೆದ ಮಕ್ಕಳೇ.

ಹಣ ಖಾತೆಗೆ ಯಾವ ತಿಂಗಳು ಬಿತ್ತು ಎಂಬುದನ್ನೂ ಲೆಕ್ಕ ಹಾಕುವವರು ಮರೆಯಬಾರದು. ಪಿಯು ಪ್ರವೇಶ ಮುಗಿದ ಮೇಲೆ ಬಂದ ಹಣದಿಂದ ಪ್ರವೇಶದಲ್ಲಿ ಮೆಟ್ಟಿಲು ಕಾಣಬೇಕೆಂದರೆ, ಬರಲಿರುವ ಹಣವನ್ನು ನಂಬಿ ಮನೆಯವರು ಸಾಲ ಮಾಡಿರಬೇಕು. ಮೊದಲ ವರ್ಷದ ನಡುವೆ ಬಂದ ಹಣದ ಗುರುತು ದ್ವಿತೀಯ ಪಿಯುಸಿಗೆ ಎಷ್ಟು ಮಂದಿ ಮುಂದುವರಿದರು ಎಂಬಲ್ಲಿ ಹುಡುಕಬೇಕು. ಎರಡನ್ನೂ ಬೇರೆ ಬೇರೆಯಾಗಿ ನೋಡದೆ ಒಟ್ಟಿಗೆ ‘ಪರಿಣಾಮವಿಲ್ಲ’ ಎಂದರೆ ಹಣ ತಡವಾದದ್ದಕ್ಕೆ ಹಣವನ್ನೇ ದೂರಿದಂತೆ.

ಇದಕ್ಕೆ ಬೇಕಾದ ಸಾಮಗ್ರಿ ಹೊಸದಾಗಿ ಯಾರ ಮನೆಗೂ ಹೋಗಿ ಸಂಗ್ರಹಿಸಬೇಕಾದದ್ದಲ್ಲ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆ ಎರಡನ್ನೂ ಈಗ ಒಂದೇ ಮಂಡಳಿ ನಡೆಸುತ್ತದೆ. ಪ್ರೋತ್ಸಾಹಧನ ಯಾರ ಖಾತೆಗೆ ಯಾವ ದಿನ ಹೋಯಿತೆಂಬುದು ಇಲಾಖೆಯ ಕಂಪ್ಯೂಟರಿನಲ್ಲಿದೆ. ಹೆಸರು ತೆಗೆದುಹಾಕಿ ಎರಡನ್ನೂ ಜೋಡಿಸಬೇಕು. ಮರುಮೌಲ್ಯಮಾಪನದಲ್ಲೋ ಎರಡನೆಯ ಪರೀಕ್ಷೆಯಲ್ಲೋ ಅಂಕ ಬದಲಾದಾಗ ಹಳೆಯ ಅಂಕದ ಮೇಲೆ ಹೊಸದನ್ನು ಬರೆದು ಅಳಿಸಬಾರದು, ಪಕ್ಕದ ಕಾಲಂನಲ್ಲಿ ಬರೆಯಬೇಕು. ಫಲಿತಾಂಶದ ದಿನ ಪ್ರಕಟವಾದ 467 ಕಡತದಲ್ಲಿ 467 ಆಗಿಯೇ ಉಳಿದಿಲ್ಲದಿದ್ದರೆ ಯಾವ ಸಂಖ್ಯಾಶಾಸ್ತ್ರಜ್ಞನೂ ಅದನ್ನು ಮರಳಿ ಹುಟ್ಟಿಸಲಾರ.